ಮಗ ಬೆಳಗಿನ ಐದಕ್ಕೆ ಎದ್ದು ಕೂರುತ್ತಾನೆ: ಬೆಳಕು, ಮಲಗುವ ಹೊತ್ತು, ನಮ್ಮ ನಿರೀಕ್ಷೆ

ಕುವೆಂಪುನಗರ_ತಾಯಿ · ಏಪ್ರಿಲ್ 14

ಮಗನಿಗೆ ಒಂದು ವರ್ಷ ಎಂಟು ತಿಂಗಳು. ಎರಡು ತಿಂಗಳಿಂದ ಬೆಳಗಿನ ಐದಕ್ಕೆ, ಕೆಲವೊಮ್ಮೆ ಐದಕ್ಕೆ ಹತ್ತು ನಿಮಿಷ ಇರುವಾಗಲೇ ಎದ್ದು ಕೂತು, ನನ್ನ ರೆಪ್ಪೆಯನ್ನು ಎರಡು ಬೆರಳಲ್ಲಿ ಹಿಡಿದು ಎತ್ತುತ್ತಾನೆ. ಅಳುವುದಿಲ್ಲ. ಎದ್ದಿದ್ದೇನೆ, ನೀನೂ ಏಳು ಎನ್ನುವ ಹಾಗೆ. ಮತ್ತೆ ಮಲಗಿಸಲು ಮುಕ್ಕಾಲು ಗಂಟೆ ತಟ್ಟಿದರೂ ಆಗುವುದಿಲ್ಲ. ಕೊನೆಗೆ ಹಾಲು ಕೊಟ್ಟು ಹಾಲ್‌ಗೆ ಕರೆದುಕೊಂಡು ಹೋಗುತ್ತೇನೆ.

ನಾನು ಒಂಬತ್ತಕ್ಕೆ ಕೆಲಸಕ್ಕೆ ಹೊರಡಬೇಕು. ರಾತ್ರಿ ಪಾತ್ರೆ, ಬಟ್ಟೆ ಮುಗಿದು ಮಲಗುವಾಗ ಹನ್ನೊಂದೂವರೆ. ಬೇಸಿಗೆಯಲ್ಲಿ ಬೇಗ ಬೆಳಕಾಗುತ್ತದೆ, ಅದಕ್ಕೇ ಏಳುತ್ತಾನೆ ಎಂದು ಎಲ್ಲರೂ ಹೇಳಿದರು. ದಪ್ಪ ಪರದೆ ಹಾಕಿ ಹದಿನೈದು ದಿನವಾಯಿತು, ಏನೂ ಬದಲಾಗಲಿಲ್ಲ. ಏಳು ಗಂಟೆಯವರೆಗೆ ಮಲಗಿಸುವುದು ಹೇಗೆ? ಯಾರಾದರೂ ದಾರಿ ಕಂಡಿದ್ದರೆ ಹೇಳಿ.

ನಿವೃತ್ತ_ಮೇಷ್ಟ್ರು · ಏಪ್ರಿಲ್ 14

ತಾಯಿ, ಐದಕ್ಕೆ ಏಳುವುದು ರೋಗವೇ? ನನಗೆ ಅರವತ್ತೆಂಟು. ನಾಲ್ಕಕ್ಕೆ ಎಚ್ಚರವಾಗುತ್ತದೆ. ಕಾಫಿ ಕುಡಿದು, ಬೆಳಕು ಹರಿಯುವ ಹೊತ್ತಿಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಇರುತ್ತೇನೆ. ನಮ್ಮ ಮನೆಯಲ್ಲಿ ಆರರ ಮೇಲೆ ಹಾಸಿಗೆಯಲ್ಲಿ ಇದ್ದವರನ್ನು ಜ್ವರ ಬಂದಿದೆಯೇ ಎಂದು ಕೇಳುತ್ತಿದ್ದರು. ಮಗುವನ್ನು ಬದಲಾಯಿಸುವ ಬದಲು ನೀವು ಒಂಬತ್ತೂವರೆಗೆ ಮಲಗಿ ನೋಡಿ.

ಕುವೆಂಪುನಗರ_ತಾಯಿ · ಏಪ್ರಿಲ್ 14

ಸರ್, ಒಂಬತ್ತೂವರೆಗೆ ಮಲಗಿದರೆ ಪಾತ್ರೆ ಯಾರು ತೊಳೆಯುತ್ತಾರೆ ಎನ್ನುವುದಷ್ಟೇ ಉಳಿದಿರುವ ಪ್ರಶ್ನೆ.

ಬೋಗಾದಿ_ಬಾಣಂತಿ · ಏಪ್ರಿಲ್ 15

ಅಕ್ಕ, ಇದು ಅತಿ ಆಯಾಸ. ಮಗು ದಣಿದಷ್ಟೂ ಬೇಗ ಏಳುತ್ತದೆ. ನನ್ನ ಮಗಳಿಗೆ ಒಂಬತ್ತು ತಿಂಗಳು, ಅವಳೂ ಐದಕ್ಕೆ ಏಳುತ್ತಿದ್ದಳು. ರಾತ್ರಿ ಎಂಟೂವರೆಗೆ ಮಲಗುತ್ತಿದ್ದವಳನ್ನು ಏಳಕ್ಕೆ ಮಲಗಿಸಿದೆ, ನಾಲ್ಕೇ ದಿನಕ್ಕೆ ಆರು ಗಂಟೆಯಾಯಿತು. ನಿಮ್ಮ ಮಗನನ್ನು ಆರೂವರೆಗೆ ಮಲಗಿಸಿ. ನಿದ್ದೆಯೇ ನಿದ್ದೆಯನ್ನು ತರುತ್ತದೆ.

ಕುವೆಂಪುನಗರ_ತಾಯಿ · ಏಪ್ರಿಲ್ 15

ನಾನೂ ಅದನ್ನೇ ಓದಿ ಮೊದಲು ಎಂಟಕ್ಕಿದ್ದುದನ್ನು ಏಳೂಕಾಲಿಗೆ ತಂದಿದ್ದೆ. ಯೋಚಿಸಿದರೆ, ಈ ಐದರ ಕಾಟ ಶುರುವಾದದ್ದೂ ಸರಿಸುಮಾರು ಆಗಲೇ.

ಅವಳಿಮಕ್ಕಳಮ್ಮ · ಏಪ್ರಿಲ್ 15

ನೀವು ಕೊನೆಗೆ ಬರೆದ ಸಾಲಿನಲ್ಲೇ ಅರ್ಧ ಉತ್ತರ ಇದೆ. ನಾನು ವೈದ್ಯಕೀಯ ವಿದ್ಯಾರ್ಥಿಗಳಿಗೆ ಶರೀರಕ್ರಿಯಾ ವಿಷಯ ಪಾಠ ಮಾಡುತ್ತೇನೆ. ಮಕ್ಕಳ ವೈದ್ಯೆಯಲ್ಲ. ಆದರೆ ನನ್ನ ಅವಳಿಗಳು ಒಂದು ವರ್ಷ ಐದು ಗಂಟೆಯ ಗಿರಾಕಿಗಳಾಗಿದ್ದರು.

ಮೊದಲು ಬೆಳಕಿನ ವಿಚಾರ. ಪರದೆಯ ಸಲಹೆ ಹೆಚ್ಚಾಗಿ ಹೊರದೇಶದ ಬರಹಗಳಿಂದ ಬಂದದ್ದು. ಲಂಡನ್ನಿನಲ್ಲಿ ಜೂನ್ ತಿಂಗಳಲ್ಲಿ ಐದು ಗಂಟೆಗೆ ಮುಂಚೆಯೇ ಸೂರ್ಯ ಹುಟ್ಟಿರುತ್ತಾನೆ. ಅಲ್ಲಿ ಪರದೆ ಹಾಕಿದರೆ ಅರ್ಧ ಕೆಲಸ ಮುಗಿದ ಹಾಗೆ. ಮೈಸೂರಿನಲ್ಲಿ ವರ್ಷವಿಡೀ ಸೂರ್ಯೋದಯ ಹೆಚ್ಚುಕಡಿಮೆ 5.50ರಿಂದ 6.50ರ ನಡುವೆಯೇ ಇರುತ್ತದೆ. ಈಗ ಏಪ್ರಿಲ್ ಮಧ್ಯದಲ್ಲಿ 6.10ರ ಆಸುಪಾಸು. ಐದಕ್ಕೆ ಕಿಟಕಿ ತೆರೆದು ನೋಡಿ, ಹೊರಗೆ ರಾತ್ರಿಯೇ. ಆದ್ದರಿಂದ ನಿಮ್ಮ ಮಗನನ್ನು ಎಬ್ಬಿಸುತ್ತಿರುವುದು ಸೂರ್ಯನಲ್ಲ. ಎದ್ದ ಮೇಲೆ ಅವನು ನೋಡುವ ಬೆಳಕು ಬೇರೆ ಮಾತು, ಅದಕ್ಕೆ ಆಮೇಲೆ ಬರುತ್ತೇನೆ.

ನಿದ್ದೆಗೂ ಒಂದು ಹಸಿವು ಇದೆ. ಎಚ್ಚರವಾಗಿದ್ದಷ್ಟು ಹೊತ್ತೂ ಬೆಳೆಯುತ್ತದೆ, ಮಲಗಿದಾಗ ತೀರುತ್ತದೆ. ರಾತ್ರಿಯ ಮೊದಲ ಪಾಲಿನ ನಿದ್ದೆ ಗಾಢ, ಪಟಾಕಿ ಹೊಡೆದರೂ ಏಳುವುದಿಲ್ಲ. ಬೆಳಗಿನ ನಾಲ್ಕೂವರೆಯ ಹೊತ್ತಿಗೆ ಹಸಿವು ಬಹುಪಾಲು ತೀರಿರುತ್ತದೆ, ನಿದ್ದೆ ತೆಳ್ಳಗಾಗಿರುತ್ತದೆ. ಆಗ ಮಗುವನ್ನು ಹಿಡಿದಿಡುವುದು ದೇಹದ ಒಳಗಡಿಯಾರ ಮಾತ್ರ. ಅದು ಇನ್ನೂ ರಾತ್ರಿ ಎಂದರೆ ಮಗ್ಗುಲು ಬದಲಿಸಿ ಮಲಗುತ್ತದೆ, ಬೆಳಗಾಯಿತು ಎಂದರೆ ನಿಮ್ಮ ರೆಪ್ಪೆ ಎತ್ತುತ್ತದೆ.

ಹಾಗಾಗಿ ಏನನ್ನೂ ಬದಲಾಯಿಸುವ ಮೊದಲು ಒಂದು ವಾರ ಬರೆದಿಡಿ. ಎಷ್ಟಕ್ಕೆ ನಿಜವಾಗಿ ನಿದ್ದೆ ಹೋದ, ಎಷ್ಟಕ್ಕೆ ಎದ್ದ, ಹಗಲಲ್ಲಿ ಯಾವಾಗ, ಎಷ್ಟು ಹೊತ್ತು. ಹಾಸಿಗೆಗೆ ಹಾಕಿದ ಸಮಯ ಬೇಡ, ಕಣ್ಣು ಮುಚ್ಚಿದ ಸಮಯ ಬೇಕು. ಇನ್ನೊಂದು ಪ್ರಶ್ನೆ: ರಾತ್ರಿ ಗೊರಕೆ ಹೊಡೆಯುತ್ತಾನೆಯೇ, ಬಾಯಿ ತೆರೆದು ಉಸಿರಾಡುತ್ತಾನೆಯೇ? ನೆಗಡಿ ಇಲ್ಲದಾಗಲೂ ಹಾಗಿದ್ದರೆ ಈ ಲೆಕ್ಕವೆಲ್ಲ ಬದಿಗಿಟ್ಟು ಮೊದಲು ವೈದ್ಯರಿಗೆ ತೋರಿಸಿ.

ಹೆಸರು_ಬೇಡ · ಏಪ್ರಿಲ್ 16

ಶೀರ್ಷಿಕೆ ನೋಡಿ ದೊಡ್ಡವರ ವಿಷಯ ಎಂದುಕೊಂಡು ಬಂದೆ, ಕ್ಷಮಿಸಿ. ನನಗೆ ನಲವತ್ತೆರಡು. ಒಂದೂವರೆ ತಿಂಗಳಿಂದ ನಾಲ್ಕಕ್ಕೆ ಎಚ್ಚರ, ಮತ್ತೆ ನಿದ್ದೆ ಬರುವುದಿಲ್ಲ. ಆ ಹೊತ್ತಿನಲ್ಲಿ ಎದೆಯ ಮೇಲೆ ಕಲ್ಲಿಟ್ಟ ಹಾಗೆ, ಯಾವುದೂ ಬೇಡ ಅನ್ನಿಸುತ್ತದೆ. ಮಧ್ಯಾಹ್ನದ ಮೇಲೆ ಸ್ವಲ್ಪ ಹಗುರ. ನಾನೂ ಕತ್ತಲೆ ಮಾಡಿಕೊಂಡರೆ ಸರಿಹೋಗುತ್ತದೆಯೇ?

ಅವಳಿಮಕ್ಕಳಮ್ಮ · ಏಪ್ರಿಲ್ 16

ಕ್ಷಮೆ ಯಾಕೆ, ಕೇಳಿದ್ದು ಒಳ್ಳೆಯದೇ ಆಯಿತು. ಆದರೆ ನಿಮ್ಮದು ಪರದೆಯ ವಿಷಯವಲ್ಲ. ಬೆಳಗಿನ ಜಾವದ ಎಚ್ಚರ, ಜೊತೆಗೆ ಬೆಳಿಗ್ಗೆಯೇ ಹೆಚ್ಚಾಗಿರುವ ಆ ಭಾರ, ಎರಡು ವಾರ ಮೀರಿದರೆ ಖಿನ್ನತೆ ಇರಬಹುದೇ ಎಂದು ವೈದ್ಯರು ನೋಡಬೇಕಾಗುತ್ತದೆ. ಚಿಕಿತ್ಸೆ ಇದೆ, ನಿದ್ದೆಯೂ ಅದರೊಂದಿಗೆ ಸರಿಹೋಗುತ್ತದೆ. ಈ ವಾರವೇ ಹೋಗಿ ಬನ್ನಿ. ಏನೂ ಬೇಡ ಎನ್ನುವುದು ಬದುಕೇ ಬೇಡ ಎನ್ನುವವರೆಗೆ ಹೋದರೆ ವಾರ ಕಾಯಬೇಡಿ, ಅಂದೇ ಮನೆಯವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.

ಮಂಡ್ಯ_ಪ್ಯಾಸೆಂಜರ್ · ಏಪ್ರಿಲ್ 17

ನಮ್ಮ ಮನೆಯ ಕಥೆ. ನಾನು ಮಂಡ್ಯದಿಂದ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವವನು. ಮಗಳು ಎರಡು ವರ್ಷದವಳಿದ್ದಾಗ ಸೋಮವಾರದಿಂದ ಶನಿವಾರದವರೆಗೆ 4.50ಕ್ಕೆ ಏಳುತ್ತಿದ್ದಳು, ಭಾನುವಾರವೂ ಅಷ್ಟೇ. ಹಲ್ಲು, ದೃಷ್ಟಿ, ಹೊಟ್ಟೆ ಹುಳ ಎಲ್ಲ ನೋಡಿದೆವು. ಕೊನೆಗೆ ಒಂದು ದಿನ ರಜೆ ಹಾಕಿ ಮನೆಯಲ್ಲಿ ಮಲಗಿದ್ದಾಗ ಗೊತ್ತಾಯಿತು. ಮೇಲಿನ ಮನೆಯವರು 4.45ಕ್ಕೆ ಸಂಪಿನ ಮೋಟಾರ್ ಹಾಕುತ್ತಾರೆ. ನಾನು ದಿನವೂ ಆ ಹೊತ್ತಿಗೆ ಬಚ್ಚಲಲ್ಲಿ ಬಕೆಟ್ ತುಂಬಿಸುತ್ತಿದ್ದೆನಲ್ಲ, ನನ್ನ ಸದ್ದಿನಲ್ಲಿ ಅದು ನನಗೆ ಕೇಳಿಸಿಯೇ ಇರಲಿಲ್ಲ.

ಇನ್ನೊಂದು ವಿಷಯ, ಫ್ಯಾನು. ರಾತ್ರಿ ಒಂಬತ್ತಕ್ಕೆ ಸೆಕೆ ಎಂದು ಐದರಲ್ಲಿ ಇಡುತ್ತೀರಿ. ಬೆಳಗಿನ ಜಾವ ಊರೇ ತಣ್ಣಗಾಗಿರುತ್ತದೆ, ಮಗು ಹೊದಿಕೆ ಒದ್ದಿರುತ್ತದೆ, ಡಯಾಪರ್ ನೆನೆದಿರುತ್ತದೆ. ನಾನು ಮಲಗುವಾಗ ಎರಡಕ್ಕೆ ಇಳಿಸಲು ಶುರುಮಾಡಿದೆ. ಪೂರ್ತಿ ಆರಿಸಬೇಡಿ, ಆ ಸದ್ದು ಮೋಟಾರಿನ ಸದ್ದನ್ನು ಸ್ವಲ್ಪ ಮುಚ್ಚುತ್ತದೆ.

ಕುವೆಂಪುನಗರ_ತಾಯಿ · ಏಪ್ರಿಲ್ 22

ಏಳು ದಿನ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದೆ. ಗೊರಕೆ ಇಲ್ಲ. ಸರಾಸರಿ ಹೀಗಿದೆ: ರಾತ್ರಿ 7.15ಕ್ಕೆ ನಿದ್ದೆ, ಬೆಳಿಗ್ಗೆ 5.00ಕ್ಕೆ ಎಚ್ಚರ. ಬೆಳಿಗ್ಗೆ 9.00ರಿಂದ 9.50 ಒಂದು ನಿದ್ದೆ, ನಾನು ಹೊರಡುವ ಹೊತ್ತಿಗೆ ಅತ್ತೆ ತೊಟ್ಟಿಲಿಗೆ ಹಾಕುತ್ತಾರೆ. ಮಧ್ಯಾಹ್ನ 1.30ರಿಂದ 2.30 ಇನ್ನೊಂದು.

ಒಂದು ವಿಚಿತ್ರವೂ ಇದೆ. ಶನಿವಾರ ಮದ್ದೂರಿನ ಹತ್ತಿರ ಅಜ್ಜಿಯ ಊರಿಗೆ ಹೋಗಿದ್ದೆವು. ಹಳೆಯ ಮನೆ, ನಡುಮನೆಯ ಪಕ್ಕ ಒಂದು ಕತ್ತಲೆ ಕೋಣೆ, ಮೊದಲು ರಾಗಿ ಮೂಟೆ ಇಡುತ್ತಿದ್ದರಂತೆ. ಅಲ್ಲಿ ಮಲಗಿದವನು ಭಾನುವಾರ 5.50ಕ್ಕೆ ಎದ್ದ! ಅಂದರೆ ಕತ್ತಲೆಯೇ ಮದ್ದು ಅಲ್ಲವೇ?

ಅವಳಿಮಕ್ಕಳಮ್ಮ · ಏಪ್ರಿಲ್ 22

ಆ ರಾತ್ರಿ ಎಷ್ಟಕ್ಕೆ ಮಲಗಿದ?

ಕುವೆಂಪುನಗರ_ತಾಯಿ · ಏಪ್ರಿಲ್ 22

ನೆಂಟರೆಲ್ಲ ಎತ್ತಿಕೊಂಡು ಆಡಿಸುತ್ತಿದ್ದರು. ಎಂಟೂವರೆ ಆಗಿತ್ತು. ಮತ್ತೆ ಬೆಳಗಿನ ನಿದ್ದೆಯನ್ನೂ ಮಾಡಿರಲಿಲ್ಲ, ಕಾರಿನಲ್ಲಿ ಹನ್ನೊಂದಕ್ಕೆ ಮಲಗಿದ್ದ.

ಅವಳಿಮಕ್ಕಳಮ್ಮ · ಏಪ್ರಿಲ್ 22

ನೋಡಿ, ಒಂದೇ ದಿನ ಮೂರು ಬದಲಾಗಿವೆ. ಕತ್ತಲೆ ಕೋಣೆ, ತಡವಾದ ರಾತ್ರಿ, ತಡವಾದ ಹಗಲು ನಿದ್ದೆ. ಕೀರ್ತಿ ಯಾವುದಕ್ಕೆ ಕೊಡುವುದು ಎಂದು ಒಂದು ರಾತ್ರಿಯಿಂದ ಹೇಳಲಾಗದು.

ನಿಮ್ಮ ಲೆಕ್ಕ ಕೂಡಿದೆ. ರಾತ್ರಿ ಒಂಬತ್ತೂ ಮುಕ್ಕಾಲು ಗಂಟೆ, ಹಗಲು ಐವತ್ತು ನಿಮಿಷ, ಮತ್ತೆ ಒಂದು ಗಂಟೆ. ಒಟ್ಟು ಹನ್ನೊಂದು ಗಂಟೆ ಮೂವತ್ತೈದು ನಿಮಿಷ. ಒಂದರಿಂದ ಎರಡು ವರ್ಷದ ಮಕ್ಕಳಿಗೆ ಹಗಲು ರಾತ್ರಿ ಸೇರಿ ಹನ್ನೊಂದರಿಂದ ಹದಿನಾಲ್ಕು ಗಂಟೆ ನಿದ್ದೆ ಬೇಕು ಎನ್ನುತ್ತಾರೆ. ನಿಮ್ಮವನು ಆ ಪಟ್ಟಿಯ ಕೆಳತುದಿಯಲ್ಲಿದ್ದಾನೆ, ಆದರೆ ಒಳಗೇ ಇದ್ದಾನೆ. ಸಂಜೆ ಐದರ ಮೇಲೆ ರಚ್ಚೆ ಹಿಡಿಯುವುದಿಲ್ಲ ಎಂದಾದರೆ, ಅವನಿಗೆ ನಿದ್ದೆ ಕಡಿಮೆಯಾಗಿಲ್ಲ. ನಿಮಗೆ ಬೇಡದ ಹೊತ್ತಿಗೆ ಮುಗಿಯುತ್ತಿದೆ, ಅಷ್ಟೇ. 7.15ಕ್ಕೆ ಮಲಗಿದ ಮಗು ಏಳು ಗಂಟೆಯವರೆಗೆ ಮಲಗಬೇಕೆಂದರೆ ರಾತ್ರಿಯೊಂದೇ ಹನ್ನೆರಡು ಗಂಟೆ ಹತ್ತಿರವಾಯಿತು. ಅಷ್ಟು ಬಂಡವಾಳ ಅವನ ಬಳಿ ಇಲ್ಲ. ಏಳು ಗಂಟೆಯನ್ನು ಮರೆತುಬಿಡಿ. ಆರು ಗಂಟೆಗೆ ಪ್ರಯತ್ನ ಮಾಡಬಹುದು.

ಎಲ್ಲಕ್ಕಿಂತ ದೊಡ್ಡ ಕೊಂಡಿ ಆ ಒಂಬತ್ತು ಗಂಟೆಯ ನಿದ್ದೆ. ಐದಕ್ಕೆ ಎದ್ದ ಮಗು ಒಂಬತ್ತಕ್ಕೆ ತೂಕಡಿಸುವುದು ಸಹಜ. ಆದರೆ ದಿನವೂ ಅದು ಸಿಗುವುದರಿಂದ, ರಾತ್ರಿಯ ಕೊನೆಯ ತುಂಡನ್ನು ಕತ್ತರಿಸಿ ಬೆಳಿಗ್ಗೆಗೆ ಅಂಟಿಸಿದ ಹಾಗಾಗಿದೆ. ಇದನ್ನು ದಿನಕ್ಕೆ ಹದಿನೈದು ನಿಮಿಷದಂತೆ ಮುಂದಕ್ಕೆ ತಳ್ಳಿ. ಹನ್ನೊಂದಕ್ಕೆ ಬಂದಾಗ ಮಧ್ಯಾಹ್ನದ ಎರಡನೆಯ ನಿದ್ದೆ ತಾನಾಗಿ ಬಿದ್ದುಹೋಗುತ್ತದೆ. ಆಮೇಲೆ ಹನ್ನೆರಡಕ್ಕೆ ಒಂದೇ ನಿದ್ದೆ. ಈ ವಯಸ್ಸಿಗೆ ಹೆಚ್ಚಿನ ಮಕ್ಕಳು ಒಂದೇ ನಿದ್ದೆಗೆ ಬಂದಿರುತ್ತಾರೆ. ರಾತ್ರಿಯ ಸಮಯವನ್ನು ಈಗಲೇ ಮುಟ್ಟಬೇಡಿ. ಎರಡನ್ನೂ ಒಟ್ಟಿಗೆ ಎಳೆದರೆ ಹಗ್ಗ ಹರಿಯುತ್ತದೆ.

ಈಗ ಆ ಬೆಳಕಿನ ಮಾತು. ಬೆಳಗಿನ ಜಾವ ಕಣ್ಣಿಗೆ ಬೀಳುವ ಬೆಳಕು ಒಳಗಡಿಯಾರವನ್ನು ಮುಂಚಿತಕ್ಕೆ ಎಳೆಯುತ್ತದೆ, ಸಂಜೆಯ ಬೆಳಕು ತಡಕ್ಕೆ ತಳ್ಳುತ್ತದೆ. ಐದಕ್ಕೆ ಎದ್ದವನನ್ನು ಹಾಲ್‌ನ ಟ್ಯೂಬ್‌ಲೈಟ್ ಕೆಳಗೆ ಕೂರಿಸಿ ಹಾಲು ಕೊಟ್ಟರೆ, ನಾಳೆಯೂ ಐದಕ್ಕೇ ಏಳು ಎಂದು ನಾವೇ ಹೇಳಿದ ಹಾಗೆ. ಬೆಳಕು, ಹಾಲು, ಅಮ್ಮನ ಮಾತು ಮೂರೂ ಒಂದೇ ಹೊತ್ತಿಗೆ ಸಿಕ್ಕರೆ ಯಾರು ತಾನೇ ಏಳುವುದಿಲ್ಲ? ಆರರವರೆಗೆ ಕೋಣೆ ಕತ್ತಲೆಯಾಗಿರಲಿ. ಎಚ್ಚರವಾಗಿದ್ದರೂ ಪರವಾಗಿಲ್ಲ, ಪಕ್ಕದಲ್ಲಿ ಮಲಗಿರಿ, ಮಾತು ಕಡಿಮೆ. ಹಾಲನ್ನು ಒಮ್ಮೆಗೇ ನಿಲ್ಲಿಸಬೇಡಿ, ಎರಡು ದಿನಕ್ಕೊಮ್ಮೆ ಹತ್ತು ನಿಮಿಷ ತಡಮಾಡುತ್ತಾ ಆರಕ್ಕೆ ತನ್ನಿ. ಆರಾದ ಕೂಡಲೇ ಪರದೆ ಸರಿಸಿ, ದೀಪ ಹಾಕಿ, ಬೆಳಗಾಯಿತು ಎಂದು ಹೇಳಿ ಎತ್ತಿಕೊಳ್ಳಿ. ರಾತ್ರಿಗೂ ಬೆಳಗಿಗೂ ನಡುವೆ ಒಂದು ಗೆರೆ ಅವನಿಗೆ ಕಾಣಬೇಕು.

ಸಂಜೆ ಐದರಿಂದ ಆರೂಕಾಲರವರೆಗೆ ಹೊರಗೆ ಆಡಲಿ. ಬಿಸಿಲು ಇಳಿದಿದ್ದರೂ ಆಕಾಶದ ಬೆಳಕು ಮನೆಯೊಳಗಿನ ಯಾವ ದೀಪಕ್ಕಿಂತಲೂ ಹೆಚ್ಚು. ಮಲಗುವ ಮುಂಚಿನ ಒಂದು ಗಂಟೆ ಮಾತ್ರ ದೀಪ ಮಂದವಾಗಿರಲಿ. ಆ ಹೊತ್ತಿನಲ್ಲಿ ಪ್ರಖರ ಬೆಳಕು ಬಿದ್ದರೆ ನಿದ್ದೆ ಹತ್ತುವುದೇ ಕಷ್ಟವಾಗುತ್ತದೆ, ಪುಟ್ಟ ಮಕ್ಕಳ ಕಣ್ಣು ಇದಕ್ಕೆ ನಮ್ಮ ಕಣ್ಣಿಗಿಂತ ಸೂಕ್ಷ್ಮ.

ಬೋಗಾದಿ_ಬಾಣಂತಿ · ಏಪ್ರಿಲ್ 23

ಹಾಗಾದರೆ ನಾನು ಹೇಳಿದ್ದು ತಪ್ಪೇ ಮೇಡಂ? ನನ್ನ ಮಗಳಿಗೆ ಕೆಲಸ ಮಾಡಿತಲ್ಲ.

ಅವಳಿಮಕ್ಕಳಮ್ಮ · ಏಪ್ರಿಲ್ 23

ನಿಮ್ಮ ಮಗಳಿಗೆ ಸರಿ. ಎಂಟೂವರೆಯಿಂದ ಐದರವರೆಗೆ ಎಂದರೆ ರಾತ್ರಿ ಎಂಟೂವರೆ ಗಂಟೆ ಮಾತ್ರ, ಒಂಬತ್ತು ತಿಂಗಳಿನ ಮಗುವಿಗೆ ಅದು ನಿಜವಾದ ಕೊರತೆ. ಬೇಗ ಮಲಗಿಸಿದಿರಿ, ಕೊರತೆ ತುಂಬಿತು. ಇವರ ಮಗನಿಗೆ ಕೊರತೆಯೇ ಇರಲಿಲ್ಲ.

ಯಾವುದು ಎಂದು ತಿಳಿಯಲು ನಾನು ಮಾಡುತ್ತಿದ್ದ ಪರೀಕ್ಷೆ ಹೇಳುತ್ತೇನೆ. ನಾಲ್ಕೈದು ರಾತ್ರಿ ಇಪ್ಪತ್ತು ನಿಮಿಷ ಬೇಗ ಮಲಗಿಸಿ. ತಕ್ಷಣ ನಿದ್ದೆ ಹೋಗಿ, ಹಳೆಯ ಹೊತ್ತಿಗೇ ಅಥವಾ ಇನ್ನೂ ತಡವಾಗಿ ಎದ್ದು, ಹಗಲು ನಗುನಗುತ್ತಿದ್ದರೆ ಕೊರತೆ ಇತ್ತು. ಹಾಸಿಗೆಯ ಮೇಲೆ ಅರ್ಧ ಗಂಟೆ ಹೊರಳಾಡಿದರೆ, ಅಥವಾ ಎಷ್ಟು ಬೇಗ ಮಲಗಿತೋ ಅಷ್ಟೇ ಬೇಗ ಎದ್ದರೆ ಕೊರತೆ ಇರಲಿಲ್ಲ.

ಕುವೆಂಪುನಗರ_ತಾಯಿ · ಏಪ್ರಿಲ್ 25

ನಿನ್ನೆ ರಾತ್ರಿ ಕೋಣೆಯ ದೀಪ ಆರಿಸಿ, ಅವನ ಹಾಸಿಗೆಯ ಮೇಲೆ ನಾನೇ ಐದು ನಿಮಿಷ ಮಲಗಿ ನೋಡಿದೆ. ಕಣ್ಣು ಹೊಂದಿಕೊಂಡ ಮೇಲೆ ಸೀರೆಯ ಅಂಚಿನ ಹೂವು ಎಣಿಸಬಹುದಿತ್ತು! ಕಿಟಕಿಗೆ ದಪ್ಪ ಪರದೆ ಇದೆ, ಆದರೆ ಅದರ ಮೇಲಿನ ಗವಾಕ್ಷಿಯ ಗಾಜಿನಿಂದ ಬೀದಿದೀಪ ನೇರವಾಗಿ ಎದುರಿನ ಗೋಡೆಗೆ ಬೀಳುತ್ತದೆ. ಸೊಳ್ಳೆ ಯಂತ್ರದ ಕೆಂಪು ಚುಕ್ಕಿ ಬೇರೆ. ಬೆಳಿಗ್ಗೆ 4.50ಕ್ಕೆ ಮೊಬೈಲ್ ಅಲಾರಂ ಇಟ್ಟು ಎದ್ದು ಕೂತೆ (ಅವನಿಗಿಂತ ಮೊದಲು ನಾನು ಎದ್ದ ಏಕೈಕ ದಿನ). ಆ ಹೊತ್ತಿಗೆ ಅತ್ತೆ ಅಡುಗೆಮನೆಗೆ ಬಂದರು, ಸ್ವಿಚ್ಚಿನ ಸದ್ದು, ಬಾಗಿಲಿನ ಅಡಿಯಲ್ಲಿ ಬಿಳಿ ಗೆರೆ. ಮಗ ಅದೇ ಕ್ಷಣ ತಲೆ ಎತ್ತಿ ಆ ಗೆರೆಯನ್ನೇ ನೋಡಿದ. ಎರಡು ತಿಂಗಳಿಂದ ಸೂರ್ಯನ ಮೇಲೆ ಆರೋಪ ಹೊರಿಸಿದ್ದೆ.

ಗವಾಕ್ಷಿಗೆ ಕಪ್ಪು ಡ್ರಾಯಿಂಗ್ ಹಾಳೆ ಅಂಟಿಸಿದೆ. ಬಾಗಿಲಿನ ಅಡಿಗೆ ಹಳೆಯ ಕಾಟನ್ ಸೀರೆ ಸುರುಳಿ. ಅತ್ತೆಗೆ ಹೇಳುವುದು ಹೇಗೆ ಎಂದು ಮಾತ್ರ ತೋಚುತ್ತಿಲ್ಲ. ಅವರು ನಲವತ್ತು ವರ್ಷದಿಂದ ಆ ಹೊತ್ತಿಗೆ ಏಳುವವರು.

ನಿವೃತ್ತ_ಮೇಷ್ಟ್ರು · ಏಪ್ರಿಲ್ 25

ನಿಮ್ಮ ಅತ್ತೆಯವರ ಕಡೆಯಿಂದ ಒಂದು ಮಾತು. ಆ ಒಂದು ಗಂಟೆ ಮನೆಯಲ್ಲಿ ನಮ್ಮದೇ ಆಗಿರುವ ಹೊತ್ತು. ಏಳಬೇಡಿ ಎಂದು ಮಾತ್ರ ಹೇಳಬೇಡಿ. ದೀಪ ಬದಲಾಯಿಸಿಕೊಡಿ.

ಕುವೆಂಪುನಗರ_ತಾಯಿ · ಏಪ್ರಿಲ್ 28

ಸರ್, ನಿಮ್ಮ ಮಾತು ಕೇಳಿ ಅಡುಗೆಮನೆಯ ಒಲೆಯ ಪಕ್ಕಕ್ಕೆ ಹಳದಿ ಬಣ್ಣದ ಚಿಕ್ಕ ಬಲ್ಬ್ ಹಾಕಿಸಿದೆ. ಅತ್ತೆ ಎರಡು ದಿನ ಕಾಫಿಪುಡಿ ಯಾವುದು, ಬೆಲ್ಲದ ಪುಡಿ ಯಾವುದು ಗೊತ್ತಾಗುವುದಿಲ್ಲ ಎಂದರು. ಮೂರನೆಯ ದಿನದಿಂದ ಮಾತಿಲ್ಲ. ದೇವರ ಮನೆಯ ಗಂಟೆಯನ್ನು ಅವರೇ ಆರರ ಮೇಲಕ್ಕೆ ಹಾಕಿಕೊಂಡಿದ್ದಾರೆ.

ಕುವೆಂಪುನಗರ_ತಾಯಿ · ಮೇ 1

ಅಳು ಬರುತ್ತಿದೆ. ಬೆಳಗಿನ ನಿದ್ದೆ ಹನ್ನೊಂದಕ್ಕೆ ಬಂದಿದೆ, ಎರಡನೆಯದು ನಾಲ್ಕು ದಿನದಿಂದ ಇಲ್ಲ. ಆದರೆ ಆ ಒಂದು ನಿದ್ದೆ ಐವತ್ತೈದು ನಿಮಿಷಕ್ಕೇ ಮುಗಿಯುತ್ತದೆ. ಸಂಜೆ ಮೊಸರನ್ನದ ತಟ್ಟೆಯ ಮುಂದೆ ಕೂತಲ್ಲೇ ತೂಗುತ್ತಾನೆ, ಮುಟ್ಟಿದರೆ ಕಿರುಚುತ್ತಾನೆ. ಇಂದು ಎದ್ದದ್ದು 4.35ಕ್ಕೆ. ಮೊದಲೇ ವಾಸಿ ಇತ್ತು.

ಅವಳಿಮಕ್ಕಳಮ್ಮ · ಮೇ 1

ಈಗ ನಿಜವಾದ ಕೊರತೆ ಬಂದಿದೆ. ಎರಡು ನಿದ್ದೆ ಹೋಗಿ ಒಂದಾದಾಗ ಆ ಒಂದು ಉದ್ದವಾಗಲು ಒಂದು ವಾರವಾದರೂ ಬೇಕು, ಅಲ್ಲಿಯವರೆಗೆ ಲೆಕ್ಕದಲ್ಲಿ ಗಂಟೆ ಖೋತಾ. ಇಲ್ಲಿ ಬೋಗಾದಿಯವರ ಸಲಹೆಯೇ ಸರಿ. ರಾತ್ರಿ 6.50ಕ್ಕೆ ಅಥವಾ ಏಳಕ್ಕೆ ಮಲಗಿಸಿಬಿಡಿ, ಒಂದು ವಾರ ಮಾತ್ರ. ಹಗಲು ನಿದ್ದೆಯಲ್ಲಿ ಐವತ್ತೈದು ನಿಮಿಷಕ್ಕೆ ಕಣ್ಣು ಬಿಟ್ಟರೆ ತಕ್ಷಣ ಎತ್ತಿಕೊಳ್ಳಬೇಡಿ, ಕತ್ತಲೆಯಲ್ಲೇ ತಟ್ಟಿ ನೋಡಿ. ಏಳು ದಿನದಲ್ಲಿ ನಿದ್ದೆ ಉದ್ದವಾಗದೆ, ಹಗಲೆಲ್ಲ ಹೀಗೇ ಇದ್ದರೆ ಎರಡು ನಿದ್ದೆಗೆ ಮರಳಿ, ಒಂದು ತಿಂಗಳು ಬಿಟ್ಟು ಮತ್ತೆ ನೋಡೋಣ. ಅದರಲ್ಲಿ ಸೋಲೇನೂ ಇಲ್ಲ.

ಬೋಗಾದಿ_ಬಾಣಂತಿ · ಮೇ 1

ನಾನು ಏನೂ ಹೇಳುವುದಿಲ್ಲ, ನಗುತ್ತಿದ್ದೇನೆ ಅಷ್ಟೇ. ಅಕ್ಕ, ಧೈರ್ಯವಾಗಿರಿ.

ಮಂಡ್ಯ_ಪ್ಯಾಸೆಂಜರ್ · ಮೇ 2

ಒಂದು ಅನುಮಾನ. ಮೇಡಂ ಆರರವರೆಗೆ ಕತ್ತಲೆಯಲ್ಲಿ ಇಡಿ ಎನ್ನುತ್ತಾರೆ. 4.35ಕ್ಕೆ ಎದ್ದು ಗಟ್ಟಿಯಾಗಿ ಅಳುವ ಮಗುವನ್ನು ಒಂದೂವರೆ ಗಂಟೆ ಕತ್ತಲೆಯಲ್ಲಿ ಇಟ್ಟುಕೊಳ್ಳುವುದು ಆಗುವ ಮಾತೇ? ನಮ್ಮ ಮನೆಯಲ್ಲಿ ಕೆಳಗಿನವರು ಬಂದು ಬಾಗಿಲು ತಟ್ಟುತ್ತಿದ್ದರು.

ಅವಳಿಮಕ್ಕಳಮ್ಮ · ಮೇ 2

ಆಗುವ ಮಾತಲ್ಲ, ನಿಮ್ಮ ಮಾತು ಒಪ್ಪಿದೆ. ಅಳುತ್ತಿದ್ದರೆ ಎತ್ತಿಕೊಳ್ಳಿ, ಹಾಲ್‌ಗೂ ಹೋಗಿ. ಆದರೆ ಟ್ಯೂಬ್‌ಲೈಟ್ ಬೇಡ, ಜೀರೋ ಬಲ್ಬಿನಲ್ಲಿ ಕೂರಿ. ಟಿವಿ, ಮೊಬೈಲ್ ಬೇಡ. ಅಳುವ ಮಗುವನ್ನು ಹಾಗೇ ಬಿಡಬಹುದೇ ಎಂಬುದರಲ್ಲಿ ತಾಯಂದಿರ ನಡುವೆ ಒಮ್ಮತ ಇಲ್ಲ. ನನಗೆ ಆಗಲಿಲ್ಲ, ಆದವರನ್ನು ನಾನು ದೂರುವುದೂ ಇಲ್ಲ.

ಕುವೆಂಪುನಗರ_ತಾಯಿ · ಮೇ 9

ಐದನೆಯ ದಿನ ಹಗಲು ನಿದ್ದೆ ಒಂದು ಗಂಟೆ ಇಪ್ಪತ್ತು ನಿಮಿಷವಾಯಿತು. ಈಗ 12.00ರಿಂದ 1.35ರವರೆಗೆ. ಸಂಜೆಯ ಕಿರುಚಾಟ ನಿಂತಿದೆ. ರಾತ್ರಿ ಮತ್ತೆ 7.15ಕ್ಕೆ ಬಂದಿದ್ದೇನೆ. ಎಚ್ಚರ ಮಾತ್ರ 4.55, 5.05, 5.00. ನಿಂತ ಗಡಿಯಾರದ ಹಾಗೆ.

ಅವಳಿಮಕ್ಕಳಮ್ಮ · ಮೇ 9

ಈಗ ರಾತ್ರಿಯ ಸರದಿ. ನಾಳೆಯಿಂದ 7.30, ನಾಲ್ಕು ದಿನ ಬಿಟ್ಟು 7.45, ಮತ್ತೆ ನಾಲ್ಕು ದಿನ ಬಿಟ್ಟು 8.00. ಊಟ, ಸ್ನಾನ, ಕಥೆ ಎಲ್ಲವೂ ಅದರ ಜೊತೆಗೇ ಸರಿಯಬೇಕು, ಮಲಗುವುದೊಂದೇ ಅಲ್ಲ. ಬೆಳಗಿನ ಎಚ್ಚರ ಮರುದಿನವೇ ಸರಿಯುವುದಿಲ್ಲ, ಅದು ಯಾವಾಗಲೂ ಒಂದು ವಾರ ಹಿಂದೆ ಬೀಳುತ್ತದೆ. ಬಹಳ ಮಂದಿ ಮೂರನೆಯ ದಿನ ಬೇಸತ್ತು, ಕೆಲಸ ಮಾಡುವುದಿಲ್ಲ ಎಂದು ಹಿಂದಕ್ಕೆ ಹೋಗಿಬಿಡುತ್ತಾರೆ.

8.00ರಿಂದ 6.00 ಎಂದರೆ ಹತ್ತು ಗಂಟೆ, ಹಗಲು ಒಂದು ಗಂಟೆ ಮೂವತ್ತೈದು. ಅದೇ ಹನ್ನೊಂದು ಮೂವತ್ತೈದು. ನಾವು ಅವನಿಗೆ ಹೆಚ್ಚು ನಿದ್ದೆ ಕೊಡುತ್ತಿಲ್ಲ, ಇದ್ದುದನ್ನೇ ಬೇರೆ ಕಡೆ ಜೋಡಿಸುತ್ತಿದ್ದೇವೆ.

ಕುವೆಂಪುನಗರ_ತಾಯಿ · ಮೇ 19

7.45ರ ನಾಲ್ಕು ದಿನ ಮುಗಿದು ನಿನ್ನೆಯಿಂದ 8.00. ಈ ವಾರದ ಎಚ್ಚರ: 5.10, 5.20, 5.15, 5.30, 5.25. ಒಂದು ದಿನ 5.10ಕ್ಕೆ ಕಣ್ಣು ಬಿಟ್ಟವನು ಸೊಳ್ಳೆ ಪರದೆಯ ಮೂಲೆಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿ, ಹತ್ತು ನಿಮಿಷದಲ್ಲಿ ತಾನಾಗಿಯೇ ಮತ್ತೆ ಮಲಗಿದ. ನಾನು ಉಸಿರು ಬಿಗಿಹಿಡಿದು ನೋಡುತ್ತಾ ಮಲಗಿದ್ದೆ. ಹಾಲು 5.50ಕ್ಕೆ ಬಂದಿದೆ.

ಹೆಸರು_ಬೇಡ · ಮೇ 20

ಮೇಡಂ, ಹೋಗಿ ಬಂದೆ. ಔಷಧ ಶುರುವಾಗಿ ಮೂರು ವಾರ. ಈಗ ಐದಕ್ಕೆ ಎಚ್ಚರವಾಗುತ್ತದೆ, ಆದರೆ ಆ ಕಲ್ಲು ಅಷ್ಟಿಲ್ಲ. ಹೇಳಬೇಕು ಅನ್ನಿಸಿತು.

ಅವಳಿಮಕ್ಕಳಮ್ಮ · ಮೇ 20

ಹೇಳಿದ್ದಕ್ಕೆ ಸಂತೋಷ. ವೈದ್ಯರನ್ನು ಕೇಳದೆ ಔಷಧ ನಿಲ್ಲಿಸಬೇಡಿ, ಚೆನ್ನಾಗಿದೆ ಅನ್ನಿಸಿದಾಗಲೂ.

ಕುವೆಂಪುನಗರ_ತಾಯಿ · ಮೇ 28

5.45, 5.55, 5.50, ಒಂದು ದಿನ 6.05. ಆರರ ನಂತರದ ಆ ದಿನ ನಾನು ಗಾಬರಿಯಾಗಿ ಅವನ ಮೂಗಿನ ಬಳಿ ಬೆರಳು ಹಿಡಿದು ಉಸಿರು ನೋಡಿದೆ.

ಆದರೆ ಹೊಸ ತೊಂದರೆ. ಈಗ ಐದೂವರೆಗೇ ಬೆಳಕು ಹರಿಯುತ್ತಿದೆ, ಪರದೆಯ ಅಕ್ಕಪಕ್ಕದಿಂದ ಬೂದು ಬೆಳಕು ಬರುತ್ತದೆ. ಪೂರ್ತಿ ಮುಚ್ಚಿದರೆ ಗಾಳಿ ಇಲ್ಲ. ಮೊನ್ನೆ ಗುಡುಗು ಮಳೆಗೆ ರಾತ್ರಿಯಿಡೀ ಕರೆಂಟ್ ಹೋಗಿ ಫ್ಯಾನೂ ಇಲ್ಲ, ಕಿಟಕಿ ತೆರೆದೇ ಮಲಗಿದೆವು. ಅಂದು 5.15.

ಅವಳಿಮಕ್ಕಳಮ್ಮ · ಮೇ 28

ಹೌದು, ಮೇ ಕೊನೆ, ಜೂನ್ ಮೊದಲ ವಾರ ನಮ್ಮ ಕಡೆ ವರ್ಷದಲ್ಲೇ ಬೇಗ ಬೆಳಗಾಗುವ ಕಾಲ, ಸೂರ್ಯ 5.55ರೊಳಗೇ ಹುಟ್ಟುತ್ತಾನೆ. ಮೊದಲು ನೀವು ಹಾಕಿದ ಪರದೆಗೆ ಈಗ ಕೆಲಸ ಬಂದಿದೆ. ಪರದೆಯ ಎರಡೂ ಅಂಚನ್ನು ಗೋಡೆಗೆ ತಾಗುವಂತೆ ಮಾಡಿ, ಗಾಳಿಗೆ ಒಳಬಾಗಿಲು ತೆರೆದಿಡಿ. ಅಡುಗೆಮನೆ ಕಡೆಯ ಬಾಗಿಲಲ್ಲ. ಕರೆಂಟ್ ಹೋದ ದಿನಕ್ಕೆ ಯಾರೂ ಏನೂ ಮಾಡಲಾಗದು, ಆ ದಿನವನ್ನು ಲೆಕ್ಕಕ್ಕೆ ಸೇರಿಸಬೇಡಿ. ಹಗಲು ನಿದ್ದೆ ಮತ್ತೆ ಒಂಬತ್ತಕ್ಕೆ ಜಾರದ ಹಾಗೆ ನೋಡಿಕೊಳ್ಳಿ, ಅಷ್ಟೇ ಮುಖ್ಯ.

ಮಂಡ್ಯ_ಪ್ಯಾಸೆಂಜರ್ · ಮೇ 29

ನನ್ನ ತಮ್ಮನ ಮಗು ಐದು ತಿಂಗಳಿನದು, ಅದೂ ಐದಕ್ಕೆ ಏಳುತ್ತದೆ. ಇದೇ ಲೆಕ್ಕ ಹೇಳಲೇ?

ಅವಳಿಮಕ್ಕಳಮ್ಮ · ಮೇ 29

ಬೇಡ ಅಣ್ಣ. ಐದು ತಿಂಗಳಿಗೆ ಐದು ಗಂಟೆಯ ಹಸಿವು ಹೊಟ್ಟೆಯ ನಿಜವಾದ ಹಸಿವು. ಹಾಲು ಕೊಟ್ಟು ಕತ್ತಲೆಯಲ್ಲೇ ಮತ್ತೆ ಮಲಗಿಸಲಿ. ಹಾಲು ತಡಮಾಡುವುದು, ನಿದ್ದೆ ತಳ್ಳುವುದು ಅಷ್ಟು ಚಿಕ್ಕ ಮಗುವಿಗೆ ಬೇಡವೇ ಬೇಡ.

ಕುವೆಂಪುನಗರ_ತಾಯಿ · ಜೂನ್ 6

ಪರದೆಯ ಅಂಚಿಗೆ ವೆಲ್ಕ್ರೋ ಪಟ್ಟಿ ಹೊಲಿಸಿದೆ. ಈ ವಾರ 5.50ರ ಆಸುಪಾಸಿನಲ್ಲೇ ನಿಂತಿದೆ. ಅದಕ್ಕಿಂತ ಮುಂದೆ ಹೋಗುವ ಸೂಚನೆ ಇಲ್ಲ, ನಾನೂ ತಳ್ಳುತ್ತಿಲ್ಲ. ಮೇಷ್ಟ್ರ ಮಾತನ್ನೂ ಅರ್ಧ ಕೇಳಿದ್ದೇನೆ: ಹತ್ತೂವರೆಗೆ ಮಲಗುತ್ತಿದ್ದೇನೆ, ಪಾತ್ರೆಯನ್ನು ಯಜಮಾನರು ತೊಳೆಯುತ್ತಾರೆ. ಚೆನ್ನಾಗಿ ತೊಳೆಯುವುದಿಲ್ಲ, ಆದರೆ ತೊಳೆಯುತ್ತಾರೆ.

ಅತ್ತೆಗೆ ಈಗ ಬೇಸರವಂತೆ. ಐದಕ್ಕೆ ಅವನು ಬಂದು ಅಡುಗೆಮನೆಯ ಹೊಸಿಲ ಮೇಲೆ ಕೂರುತ್ತಿದ್ದನಲ್ಲ, ಬೆಲ್ಲದ ಚೂರು ಕೊಡುತ್ತಿದ್ದರಂತೆ. ಇದನ್ನು ನನಗೆ ಇಷ್ಟು ದಿನ ಯಾರೂ ಹೇಳಿಯೇ ಇರಲಿಲ್ಲ.

ಅವಳಿಮಕ್ಕಳಮ್ಮ · ಜೂನ್ 6

ಬೆಲ್ಲ! ಕ್ಯಾಲೆಂಡರಿನ ಹಿಂಬದಿಯಲ್ಲಿ ಅದಕ್ಕೊಂದು ಕಾಲಂ ಇಡಿಸಬೇಕಿತ್ತು ನಾನು.